ರಿಫಾಂಪಿಸಿನ್ ಕೆಲಸ ಮಾಡದಿದ್ದರೆ ಒಂದು ಮಾತ್ರೆ ಸೇರಿಸಿದರೆ ಸಾಲದಾ?

"ಬೆಂಗಳೂರಲ್ಲಿ ಅಣ್ಣನಿಗೆ ಟಿಬಿ, ಕಫ ಪರೀಕ್ಷೆಯಲ್ಲಿ ಟಿಬಿ ಔಷಧಿ ರಿಫಾಂಪಿಸಿನ್‌ಗೆ ರೆಸಿಸ್ಟೆಂಟ್ ಅಂತ ಬಂದಿದೆ. ಈಗಿನ ಮಾತ್ರೆಗಳ ಜೊತೆ ಇನ್ನೊಂದು ಸ್ಟ್ರಾಂಗ್ ಮಾತ್ರೆ ಸೇರಿಸಿದ್ರೆ ಸಾಲದಾ? ಡಾಕ್ಟರ್ ಎಲ್ಲಾ ಬದಲಿಸ್ತೀವಿ ಅಂತಾರೆ."

ಸಾಲದು, ಡಾಕ್ಟರ್ ಹೇಳಿದ್ದೇ ಸರಿ. ಹಳೆಯ ಮಾತ್ರೆಗಳು ಸೋಲುತ್ತಿರುವಾಗ ಹೊಸದೊಂದನ್ನು ಸೇರಿಸಿದರೆ, ನಿಜವಾಗಿ ಹೋರಾಡುವುದು ಅದೊಂದೇ. ಎದೆಯಲ್ಲಿರುವ ಕೋಟಿಗಟ್ಟಲೆ ಕ್ರಿಮಿಗಳಲ್ಲಿ ಆ ಔಷಧಿಗೂ ಬಗ್ಗದ ಕೆಲವು ಮೊದಲೇ ಇರುತ್ತವೆ. ಅವೇ ಉಳಿದು ಬೆಳೆಯುತ್ತವೆ. ಆಮೇಲೆ ಅದೂ ಕೈಬಿಟ್ಟ ಹಾಗೆ. ಅದಕ್ಕೇ ಕ್ರಿಮಿ ಇನ್ನೂ ಕಾಣದ ಹಲವು ಔಷಧಿಗಳನ್ನು ಒಟ್ಟಿಗೆ ಶುರು ಮಾಡುತ್ತಾರೆ.

ಈಗ ಸಾಮಾನ್ಯವಾಗಿ ಕೊಡುವುದು ಬೆಡಾಕ್ವಿಲಿನ್, ಪ್ರಿಟೊಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್, ಸುಮಾರು 6 ತಿಂಗಳು. ಅಣ್ಣ ಮುಂಚೆ ಬೆಡಾಕ್ವಿಲಿನ್ ತಗೊಂಡಿದ್ದರೆ ಹೇಳಲೇಬೇಕು.

ಎಕ್ಸ್‌ಪರ್ಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಕಫದಲ್ಲಿರುವ ಕ್ರಿಮಿಯ rpoB ಜೀನ್ ನೋಡಿ ರಿಫಾಂಪಿಸಿನ್ ಬಗ್ಗೆ ಹೇಳುತ್ತೆ, ಅಷ್ಟೇ. ಮಾಕ್ಸಿಫ್ಲಾಕ್ಸಸಿನ್ ಕೆಲಸ ಮಾಡುತ್ತಾ ಅಂತ ತಿಳಿಯಲು ಇನ್ನೊಂದು ಪರೀಕ್ಷೆ ಬೇಕು. ಅದಕ್ಕಾಗಿ ಚಿಕಿತ್ಸೆ ತಡ ಮಾಡಬೇಕಿಲ್ಲ. ಅದು ನಾಟದು ಅಂತ ಬಂದರೆ ಅದೊಂದನ್ನು ಬಿಟ್ಟು ಉಳಿದ ಮೂರು ಮುಂದುವರಿಸುತ್ತಾರೆ.

ಲಿನೆಜೋಲಿಡ್ ಮೇಲೆ ಕಣ್ಣಿಡಿ. ಪಾದ ಜುಮ್ಮೆನ್ನುವುದು, ದೃಷ್ಟಿ ಮಂಜಾಗುವುದು, ರಕ್ತ ಕಡಿಮೆಯಾಗುವುದು ಅದರಿಂದ ಆಗಬಹುದು. ಸುಮ್ನೆ ಮಾತ್ರೆ ನಿಲ್ಲಿಸಬೇಡಿ, ಅವತ್ತೇ ತೋರಿಸಿ. ಇಸಿಜಿ, ರಕ್ತ ಪರೀಕ್ಷೆ ತಪ್ಪಿಸಬೇಡಿ.

ಇನ್ನೊಂದು. ಗುಣವಾಗ್ತಿದೆಯಾ ಅಂತ ನೋಡಲು ಮತ್ತೆ ಎಕ್ಸ್‌ಪರ್ಟ್ ಮಾಡಿಸಬೇಡಿ, ಅದು ಸತ್ತ ಕ್ರಿಮಿಯ ಡಿಎನ್‌ಎಯನ್ನೂ ಹಿಡಿಯುತ್ತೆ. ಅದಕ್ಕೆ ಬದುಕಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕು.