ಬಾಡಿಗೆ ಕೋಣೆಯೂ ವಿಳಾಸವೇ

*ಓದು ಮುಗಿಸಿ ಬೇರೆ ದೇಶಕ್ಕೆ ಕೆಲಸಕ್ಕೆ ಬಂದು ಎರಡು ವರ್ಷವಾಯಿತು. ಬಾಡಿಗೆ ಮನೆಯಲ್ಲಿದ್ದೇನೆ. ಬ್ಯಾಂಕಿನದಿರಲಿ, ಆಫೀಸಿನದಿರಲಿ, ಪ್ರತಿ ಫಾರಂನಲ್ಲೂ ಖಾಯಂ ವಿಳಾಸ, ಈಗಿನ ವಿಳಾಸ ಅಂತ ಎರಡು ಕೇಳುತ್ತಾರೆ. ಬಾಡಿಗೆ ಮನೆ ಇವತ್ತಿದ್ದರೆ ನಾಳೆ ಇಲ್ಲ, ಎಲ್ಲ ಕಡೆ ನಮ್ಮ ಮನೆಯ ವಿಳಾಸವನ್ನೇ ಬರಿ ಅಂತಾರೆ ಅಪ್ಪ. ಇಲ್ಲಿಯವರೆಗೆ ಹಾಗೇ ಮಾಡಿದ್ದೇನೆ. ಇದು ಸರಿಯಾ?*
*— ಒಬ್ಬ ಓದುಗ*

ನಿಮ್ಮ ತಂದೆಯವರ ಮಾತಿನಲ್ಲಿ ನಿಜ ಇದೆ. ನೀವು ಆ ಊರು ಬಿಟ್ಟ ಮೇಲೂ ನಿಮ್ಮನ್ನು ಹುಡುಕಿಕೊಂಡು ಬರುವ ಕಾಗದಗಳಿರುತ್ತವೆ. ತಡವಾಗಿ ಬರುವ ಪದವಿ ಪ್ರಮಾಣಪತ್ರ, ಹಳೆಯ ಕೆಲಸದ ಬಾಕಿ ಹಣದ ಪತ್ರ, ಇಂಥವು. ಅವಕ್ಕೆ ಹೆತ್ತವರ ಮನೆಯೇ ಸರಿ. ಖಾಯಂ ವಿಳಾಸದ ಜಾಗದಲ್ಲಿ ಅದನ್ನೇ ಬರೆಯಿರಿ.

ಆದರೆ ‘ಎಲ್ಲ ಕಡೆ’ ಅನ್ನುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಎರಡು ವರ್ಷದಿಂದ ಒಂದು ದೇಶದಲ್ಲಿದ್ದೀರಿ. ಅಲ್ಲಿ ದುಡಿಯುತ್ತೀರಿ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೀರಿ. ಆದರೂ ಕಾಗದದ ಮೇಲೆ ನೀವು ಅಲ್ಲಿಲ್ಲ! ಅಂದಮೇಲೆ ಕಾಗದವನ್ನಷ್ಟೇ ನೋಡುವವರಿಗೆ ನೀವು ಎಲ್ಲಿ ಸಿಗಬೇಕು ಹೇಳಿ?

ನನಗೆ ಪರಿಚಯದ ಒಬ್ಬ ಹುಡುಗ ನಿಮ್ಮ ಹಾಗೆಯೇ ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದ. ಸಂಬಳಕ್ಕಾಗಿ ಅಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ ಒಂದು ಫಾರಂ ಕೊಟ್ಟರು. ಯಾವ ದೇಶದಲ್ಲಿ ತೆರಿಗೆ ಕಟ್ಟುವ ನಿವಾಸಿ, ಎಲ್ಲಿ ವಾಸ, ತೆರಿಗೆ ಸಂಖ್ಯೆ ಏನು ಎಂದು ನೀವೇ ಬರೆದು ಸಹಿ ಹಾಕುವ ಫಾರಂ ಅದು. ‘ವಾಸದ ವಿಳಾಸ’ ಎಂದಿದ್ದ ಕಡೆ ಅವನು ಹೆತ್ತವರ ಮನೆಯನ್ನು ಬರೆದ. ತೆರಿಗೆಯ ದೇಶವೂ ಹಳೆಯದೇ, ಸಂಖ್ಯೆಯೂ ಹಳೆಯದೇ. ತಾನಿದ್ದ ಬಾಡಿಗೆ ಮನೆಯನ್ನು ಪತ್ರ ಕಳಿಸುವ ವಿಳಾಸ ಎಂದು ಮಾತ್ರ ತೋರಿಸಿದ.

ಆ ಫಾರಂ ಸುಮ್ನೆ ಕಡತದಲ್ಲಿ ಕೂರುವಂಥದ್ದಲ್ಲ. ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಇಸಿಡಿ ಅನ್ನುವ ಆರ್ಥಿಕ ಸಂಸ್ಥೆ 2014ರಲ್ಲಿ ಒಪ್ಪಿದ ಒಂದು ಪದ್ಧತಿ ಇದೆ, ಸಿಆರ್‌ಎಸ್ ಅನ್ನುತ್ತಾರೆ. 2017ರಿಂದ ದೇಶಗಳು ಅದರಂತೆ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತಿವೆ. ಈಗ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದರಲ್ಲಿವೆ. ಹೊರಗಿನ ದೇಶದ ತೆರಿಗೆ ನಿವಾಸಿಯ ಖಾತೆ ಎಂದಾದರೆ ಬ್ಯಾಂಕು ಅದರ ವರ್ಷದ ಕೊನೆಯಲ್ಲಿ ಉಳಿದ ಹಣ, ಬಂದ ಬಡ್ಡಿ ಇವನ್ನೆಲ್ಲ ತನ್ನ ದೇಶದ ತೆರಿಗೆ ಇಲಾಖೆಗೆ ಕೊಡುತ್ತದೆ. ಆ ಇಲಾಖೆ ಅದನ್ನು ಆ ಇನ್ನೊಂದು ದೇಶಕ್ಕೆ ಕಳಿಸುತ್ತದೆ.

ಈ ಹುಡುಗನ ಖಾತೆಗೂ ಹಾಗೇ ಆಯಿತು. ಅವನ ಸಂಬಳದ ಉಳಿತಾಯದ ವಿವರ ಅವನು ಬಿಟ್ಟುಬಂದ ದೇಶಕ್ಕೆ ಹೋಯಿತು. ಹೊರದೇಶದ ಈ ಖಾತೆಯನ್ನು ರಿಟರ್ನಿನಲ್ಲಿ ಏಕೆ ತೋರಿಸಿಲ್ಲ ಎಂದು ಅಲ್ಲಿನ ತೆರಿಗೆಯವರು ಕೇಳಿದರು. ಆ ಪತ್ರ ಹೋಗಿದ್ದು ಹೆತ್ತವರ ಮನೆಗೆ. ಅವರು ಅದನ್ನು ‘ಮಗ ಬಂದಾಗ ನೋಡಲಿ’ ಎಂದು ಜೋಪಾನವಾಗಿ ಎತ್ತಿಟ್ಟರು. ಅದು ಅವನ ಕೈಗೆ ಸಿಗುವ ಹೊತ್ತಿಗೆ ಉತ್ತರ ಕೊಡುವ ಗಡುವು ಮುಗಿದಿತ್ತು.

ಅವನು ಯಾವ ತೆರಿಗೆಯನ್ನೂ ತಪ್ಪಿಸಿರಲಿಲ್ಲ. ದುಡಿದ ದೇಶದಲ್ಲೇ ಪೂರ್ತಿ ಕಟ್ಟಿದ್ದ. ಆದರೆ ಅದನ್ನು ತೋರಿಸಲು ಆ ದೇಶದಿಂದ ತೆರಿಗೆ ನಿವಾಸದ ಪ್ರಮಾಣಪತ್ರ ತರಿಸಬೇಕಾಯಿತು. ಬ್ಯಾಂಕಿಗೆ ಹೊಸ ಫಾರಂ ಬರೆದುಕೊಡಬೇಕಾಯಿತು. ಬಾಡಿಗೆ ಕರಾರು, ಸಂಬಳದ ಚೀಟಿಗಳನ್ನೆಲ್ಲ ಜೋಡಿಸಬೇಕಾಯಿತು. ಮೊದಲ ದಿನ ಒಂದೇ ಸಾಲನ್ನು ಸರಿಯಾಗಿ ಬರೆದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಅಮೆರಿಕದ ಷೇರಿನಲ್ಲಿ ಹಣ ಹಾಕುವ ಹೊರದೇಶದವರು ತುಂಬುವ W-8BEN ಅನ್ನುವ ಫಾರಂ ಇದೆ. ನಿಮ್ಮ ಕಂಪನಿ ಅಲ್ಲಿನ ಷೇರು ಕೊಟ್ಟರೆ ನಿಮಗೂ ಎದುರಾಗಬಹುದು. ಅದರ 3ನೇ ಸಾಲು ಕೇಳುವುದು ಖಾಯಂ ವಾಸದ ವಿಳಾಸವನ್ನು. ಅದನ್ನು ಕಂಡ ತಕ್ಷಣ ಹೆತ್ತವರ ಮನೆ ಬರೆಯುವವರೇ ಜಾಸ್ತಿ. ಆದರೆ ಅಲ್ಲಿ ಬೇಕಾಗಿರುವುದು ನೀವು ಈಗ ಯಾವ ದೇಶದ ತೆರಿಗೆ ನಿವಾಸಿಯೋ ಆ ದೇಶದಲ್ಲಿನ ನಿಮ್ಮ ವಿಳಾಸ. ಬಾಡಿಗೆ ಮನೆಯೇ ಆಗಿದ್ದರೂ ಅದೇ. ಅಂಚೆ ಪೆಟ್ಟಿಗೆ ನಡೆಯುವುದಿಲ್ಲ, ಬರೀ ಪತ್ರ ತರಿಸಿಕೊಳ್ಳುವ ವಿಳಾಸವೂ ನಡೆಯುವುದಿಲ್ಲ. ಅದಕ್ಕೆ 4ನೇ ಸಾಲು ಬೇರೆ ಇದೆ.

ಇಂಥ ಫಾರಂಗಳನ್ನು ಗುರುತಿಸುವುದು ಕಷ್ಟವಲ್ಲ. ತೆರಿಗೆ ಸಂಖ್ಯೆ ಕೇಳಿದ್ದರೆ, ಅಥವಾ ಇತ್ತೀಚಿನ ಬಿಲ್ಲಿನಂಥ ವಾಸದ ಪುರಾವೆ ಕೇಳಿದ್ದರೆ, ಅವರಿಗೆ ಬೇಕಾದದ್ದು ನೀವು ನಿಜವಾಗಿ ಇರುವ ಜಾಗ. ಶೀರ್ಷಿಕೆಯಲ್ಲಿ ಏನೇ ಇರಲಿ.

ಬಾಡಿಗೆ ಮನೆ ಇವತ್ತಿದ್ದರೆ ನಾಳೆ ಇಲ್ಲ ಎನ್ನುತ್ತಾರೆ ನಿಮ್ಮ ತಂದೆ. ತೆರಿಗೆಯ ಲೆಕ್ಕದಲ್ಲಿ ಹಾಗಿಲ್ಲ. ಎರಡು ದೇಶಗಳೂ ಒಬ್ಬನನ್ನು ತಮ್ಮ ನಿವಾಸಿ ಎಂದಾಗ ತೀರ್ಮಾನ ಹೇಗೆ ಅನ್ನುವುದು ತೆರಿಗೆ ಒಪ್ಪಂದಗಳಲ್ಲಿದೆ. ಒಇಸಿಡಿಯ ಮಾದರಿ ಒಪ್ಪಂದದ 4ನೇ ವಿಧಿ ಮೊದಲು ನೋಡುವುದು ಅವನಿಗೆ ಯಾವ ದೇಶದಲ್ಲಿ ಖಾಯಂ ಮನೆ ಇದೆ ಎಂದು. ಆ ವಿಧಿಯ ವಿವರಣೆಯನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಸ್ವಂತ ಮನೆಯೇ ಆಗಬೇಕೆಂದಿಲ್ಲ, ಬಾಡಿಗೆಗೆ ಹಿಡಿದ ಕೋಣೆಯೂ ಆಗುತ್ತದೆ. ಕೆಲವು ದಿನದ ತಂಗುದಾಣವಾಗಿರದೆ, ಯಾವಾಗಲೂ ಅವನ ವಾಸಕ್ಕೆ ಸಿಗುವಂತಿರಬೇಕು, ಅಷ್ಟೇ. ಎರಡೂ ಕಡೆ ಅಂಥ ಮನೆ ಇದ್ದರೆ ಅವನ ಬದುಕಿನ ನಂಟು ಎಲ್ಲಿ ಹೆಚ್ಚು ಎಂದು ನೋಡುತ್ತಾರೆ. ಬಾಡಿಗೆದಾರನ ಕೋಣೆಗೆ ಅಲ್ಲಿ ಸಿಕ್ಕ ಮರ್ಯಾದೆ ನಮ್ಮ ಮನೆಗಳಲ್ಲಿ ಸಿಗುವುದಿಲ್ಲವಲ್ಲ!

ನನ್ನ ನಿಜವಾದ ಸಿಟ್ಟು ಇರುವುದು ಇಲ್ಲೇ. ಫಾರಂ ಮಾಡುವವರು ಎರಡು ಖಾನೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಯಾವುದನ್ನು ಯಾತಕ್ಕೆ ಬಳಸುತ್ತೇವೆ ಎಂದು ಒಂದು ಸಾಲು ಬರೆದರೆ ಅವರಿಗೇನು ನಷ್ಟ? ಮನೆ ಮಾಲೀಕರು ಇನ್ನೊಂದು ಕಡೆ. ಬಾಡಿಗೆ ಬೇಕು, ಕರಾರಿನಲ್ಲಿ ಬಾಡಿಗೆದಾರನ ಹೆಸರು ಮಾತ್ರ ಬೇಡ. ವಿಳಾಸದ ಪುರಾವೆಗೆ ಬ್ಯಾಂಕಿನ ಪತ್ರ ಬೇಕು, ಬ್ಯಾಂಕ್ ಖಾತೆಗೆ ವಿಳಾಸದ ಪುರಾವೆ ಬೇಕು. ಹೊಸದಾಗಿ ಬಂದವನು ಈ ಸುಳಿಯಲ್ಲಿ ಸುತ್ತುತ್ತಾ ಕೊನೆಗೆ ಹೆತ್ತವರ ವಿಳಾಸವನ್ನೇ ಬರೆದು ಸುಮ್ಮನಾಗುತ್ತಾನೆ. ಜರ್ಮನಿಯಲ್ಲಿ ಮನೆ ಬದಲಿಸಿದವರು ಎರಡು ವಾರದೊಳಗೆ ನೋಂದಾಯಿಸಬೇಕು. ಅದಕ್ಕಾಗಿ, ಇಂಥವರು ನಮ್ಮ ಮನೆಗೆ ಬಂದಿದ್ದಾರೆ ಎಂದು ಮನೆ ಕೊಟ್ಟವರು ಬರೆದುಕೊಡಲೇಬೇಕೆಂಬ ಕಾನೂನು 2015ರ ನವೆಂಬರಿನಿಂದ ಇದೆ. ಬಾಡಿಗೆದಾರ ಇದಕ್ಕಾಗಿ ಬೇಡಿಕೊಳ್ಳಬೇಕಿಲ್ಲ. ಎಲ್ಲ ಕಡೆಯೂ ಹೀಗೆ ಏಕಿರಬಾರದು?

ಈಗ ನಿಮ್ಮ ಕೆಲಸಕ್ಕೆ ಬರೋಣ. ಕರಾರಿನಲ್ಲಿ ನಿಮ್ಮ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಮಾಲೀಕರು ಒಪ್ಪದಿದ್ದರೆ ಆಫೀಸಿನಿಂದ ನಿಮ್ಮ ವಾಸದ ಬಗ್ಗೆ ಪತ್ರ ಕೇಳಿ, ಎಷ್ಟೋ ಬ್ಯಾಂಕುಗಳು ಅದನ್ನು ಒಪ್ಪುತ್ತವೆ. ಆಮೇಲೆ ಸಂಬಳದ ಬ್ಯಾಂಕಿಗೆ ಹೋಗಿ, ತೆರಿಗೆ ನಿವಾಸದ ಫಾರಂನಲ್ಲಿ ನೀವು ಹಿಂದೆ ಏನು ಬರೆದಿದ್ದೀರಿ ಎಂದು ಕೇಳಿ. ತಪ್ಪಿದ್ದರೆ ಹೊಸದು ಕೊಡಿ. ಊರಿನ ಬ್ಯಾಂಕಿಗೂ ನೀವೀಗ ಹೊರದೇಶದ ವಾಸಿ ಎಂದು ತಿಳಿಸಿ. ವೀಸಾ ಕೊಟ್ಟ ಇಲಾಖೆಯ ಗಡುವನ್ನೂ ನೋಡಿಕೊಳ್ಳಿ. ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುವವರು ವಿಳಾಸ ಬದಲಾದ 10 ದಿನದೊಳಗೆ ತಿಳಿಸಬೇಕು. ನಿಮ್ಮ ಕಡೆ ಬೇರೆ ಲೆಕ್ಕ ಇರಬಹುದು.

ಇನ್ನು ತಂದೆಯವರಿಗೆ ಒಂದು ಕೆಲಸ ಹೇಳಿ. ನಿಮ್ಮ ಹೆಸರಿಗೆ ಬರುವ ಯಾವ ಲಕೋಟೆಯನ್ನೂ ಎತ್ತಿಡುವುದು ಬೇಡ. ಬಂದ ದಿನವೇ ಒಡೆದು, ಫೋಟೋ ತೆಗೆದು ನಿಮಗೆ ಕಳಿಸಲಿ.

— ಸಂಪಾದಕ