ಆ 11 ನಿಜವಾಗಿ 17

"ಮೇಡಂ, ನಮ್ಮ ಮನೆ ಹತ್ತಿರದ ದರ್ಶಿನಿಯಲ್ಲಿ ಬೆಳಿಗ್ಗೆ ಬಂದವರು ಏನು ಕುಡಿದರು, ಸಂಜೆ ಬಂದವರು ಏನು ಕುಡಿದರು ಅಂತ ನನ್ನ ತಂಗಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ಹೊತ್ತಿಗೂ ಕುಡಿಯುವುದಕ್ಕೂ ಸಂಬಂಧ ಇದೆಯಾ ಅಂತ ತಿಳಿಯಲು ಆ ಹಾಳೆಯ ಫೋಟೊ ನೋಡಿಕೊಂಡು ಕೈ-ಸ್ಕ್ವೇರ್ ಪರೀಕ್ಷೆ ಮಾಡಿ ಲೇಖನ ಬರೆದೆ. ಕೈ-ಸ್ಕ್ವೇರ್ 15.11 ಬಂತು. ಡಿಗ್ರಿ ಆಫ್ ಫ್ರೀಡಂ 6, ಪುಸ್ತಕದ ಟೇಬಲ್‌ನಲ್ಲಿ ಅದಕ್ಕೆ ದಾಟಬೇಕಾದ ಗೆರೆ 12.592. ಹಾಗಾಗಿ ಹೊತ್ತಿಗೂ ಕುಡಿಯುವುದಕ್ಕೂ ಸಂಬಂಧ ಇದೆ ಅಂತ ಸಾಬೀತಾಯಿತು. ಫೋಟೊ ಕೂಡ ಕಳಿಸಿದ್ದೇನೆ. ಪ್ರಕಟಣೆಗೆ ಆಗುತ್ತಾ? ಏನಾದರೂ ತಿದ್ದಬೇಕಾ?"

ನಿಮ್ಮ ಭಾಷೆ ಚೆನ್ನಾಗಿದೆ. ಬೆಂಗಳೂರಿನ ದರ್ಶಿನಿಯ ಕಾಫಿ ಲೋಟದಿಂದ ಲೇಖನ ಶುರು ಮಾಡಿದ್ದು ಇಷ್ಟವಾಯಿತು. ಅಷ್ಟು ಹೇಳಿ ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಕೊನೆಯ ತೀರ್ಮಾನ ಸರಿ ಇದೆ. ಆದರೆ ಅಲ್ಲಿಗೆ ಹೋದ ದಾರಿಯಲ್ಲಿ ಎರಡು ತಪ್ಪಿವೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕಿದೆ. ಇಂಥದ್ದು ಕಂಡರೆ ನನಗೆ ಸುಮ್ನೆ ಇರೋಕೆ ಆಗುವುದಿಲ್ಲ. ಉತ್ತರ ತಪ್ಪಾಗಿದ್ದರೆ ಯಾರಾದರೂ ಕೇಳುತ್ತಾರೆ, ಸರಿಯಾಗಿ ಕಂಡರೆ ಯಾರೂ ಹಿಂದೆ ಹೋಗಿ ನೋಡುವುದಿಲ್ಲ.

ಮೊದಲು ಎರಡನೇ ಪುಟದ ಈ ಸಾಲು: "ಬೆಳಿಗ್ಗೆ: ಕಾಫಿ 51, ಟೀ 11, ಬಾದಾಮಿ ಹಾಲು 12, ಒಟ್ಟು 80." ಒಮ್ಮೆ ಕೂಡಿಸಿ ನೋಡಿ. 51ಕ್ಕೆ 11 ಸೇರಿಸಿದರೆ 62, ಅದಕ್ಕೆ 12 ಸೇರಿಸಿದರೆ 74. ಒಟ್ಟು 80 ಅಂತ ಬರೆದಿದ್ದೀರಿ. 6 ಕಡಿಮೆ.

ಈಗ ಟೀಯ ಕಂಬಸಾಲನ್ನು ಮೇಲಿಂದ ಕೆಳಕ್ಕೆ ಕೂಡಿಸಿ. ಬೆಳಿಗ್ಗೆ 11, ಸಂಜೆ 43, ಸೇರಿ 54. ಬರೆದಿರುವುದು 60. ಇಲ್ಲೂ 6 ಕಡಿಮೆ! ಕಾಫಿ ಸರಿ ಹೋಗುತ್ತದೆ, ಬಾದಾಮಿ ಹಾಲು ಸರಿ ಹೋಗುತ್ತದೆ, ಸಂಜೆಯ ಸಾಲೂ ಸರಿ ಇದೆ. ಒಂದು ಅಡ್ಡಸಾಲು, ಒಂದು ಕಂಬಸಾಲು ಮಾತ್ರ ತಪ್ಪುತ್ತಿವೆ, ಎರಡರಲ್ಲೂ ಕೊರತೆ ಅದೇ 6. ಅವೆರಡೂ ಸೇರುವ ಮನೆ ಒಂದೇ: ಬೆಳಗಿನ ಟೀ. ಅಲ್ಲಿ 11 ಅಲ್ಲ, 17 ಇರಬೇಕು.

ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಹಾಳೆ ಮಡಿಸಿದ ಗೆರೆ ಸರಿಯಾಗಿ ಆ ಅಂಕಿಯ ತಲೆ ಮೇಲೇ ಹೋಗಿದೆ. 51ರಲ್ಲೂ 12ರಲ್ಲೂ ನಿಮ್ಮ ತಂಗಿ 1 ಅನ್ನು ಬರೀ ನೆಟ್ಟಗಿನ ಗೀಟಾಗಿ ಬರೆದಿದ್ದಾಳೆ. ಇಲ್ಲಿ ಎಡಕ್ಕೆ ಒಂದು ಮಸುಕಾದ ಕೊಕ್ಕೆ ಇದೆ. ಅದು 7.

ಒಂದು ವಿಷಯದಲ್ಲಿ ಮಾತ್ರ ನೀವು ಬಚಾವಾದಿರಿ. ಒಟ್ಟುಗಳನ್ನು ಫೋಟೊದಲ್ಲಿ ಇದ್ದಂತೆಯೇ ಟೈಪ್ ಮಾಡಿದ್ದೀರಿ. ಎಕ್ಸೆಲ್‌ಗೆ ಹಾಕಿ ಅದೇ ಕೂಡಿಸಲಿ ಅಂತ ಬಿಟ್ಟಿದ್ದರೆ ಅದು 74, 54, 194 ಅಂತ ತೋರಿಸಿ ಎಲ್ಲ ಸರಿ ಇದೆ ಅನ್ನಿಸುತ್ತಿತ್ತು, ತಪ್ಪು ಹಿಡಿಯಲು ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಫೋಟೊ ನೋಡಿ ಅಂಕಿ ಇಳಿಸುವಾಗ ಹಾಳೆಯಲ್ಲಿರುವ ಒಟ್ಟು ಬೇರೆ, ನೀವು ಕೂಡಿಸಿದ ಒಟ್ಟು ಬೇರೆ, ಎರಡನ್ನೂ ಅಕ್ಕಪಕ್ಕ ಇಡಿ. ಒಂದೇ ಮನೆ ತಪ್ಪಿದ್ದರೆ ಯಾವ ಮನೆ ಅಂತ ಹೀಗೆ ಗೊತ್ತಾಗುತ್ತದೆ. ಎರಡು ಮೂರು ತಪ್ಪಿದ್ದರೆ ಎಲ್ಲೋ ತಪ್ಪಿದೆ ಅಂತ ಅಷ್ಟೇ ತಿಳಿಯುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಆಗ ಎಣಿಸಿದವರನ್ನೇ ಕೇಳಬೇಕು.

ಇದನ್ನು ನಾನು ಕಲಿತಿದ್ದು ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ, ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಅಂಕಿಗಳ ಪುಟ ಬಂದರೆ ಇಬ್ಬರು ಕೂರಬೇಕಿತ್ತು. ಒಬ್ಬರು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್‌ನಲ್ಲಿ ಟಿಕ್ ಹಾಕುವುದು. ಅದು ಮುಗಿದ ಮೇಲೂ ನಮ್ಮ ಹಿರಿಯರು ಬಿಡುತ್ತಿರಲಿಲ್ಲ. "ಕೂಡಿಸಿದ್ದೀಯಾಮ್ಮ?" ಅಂತ ಕೇಳುವರು. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯಾ ಅಂತ ಮೊದಲು ನೋಡು, 43 ಹೋಗಿ 34 ಆಗಿರುತ್ತದೆ ಎನ್ನುವರು. ಒಂದು ದಿನ ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಕೂಡಿಸದೆ ಸಹಿ ಹಾಕಿ ಹೊರಟೆ. ಪುಟ ಅಚ್ಚಾಗಿ ಹೋಯಿತು, 1 ಇರುವಲ್ಲಿ 7 ಕೂತಿತ್ತು. ಹಿರಿಯರು ಬೈಯಲಿಲ್ಲ. ಆ ಪುಟದ ಅಷ್ಟೂ ಸಾಲುಗಳನ್ನು ನನ್ನ ಕೈಯಲ್ಲಿ ಮತ್ತೆ ಕೂಡಿಸಿಸಿದರು. ನಿಮ್ಮ 11 ನೋಡಿದಾಗ ನನಗೆ ನೆನಪಾಗಿದ್ದು ಆ ಸಂಜೆ.

ಈಗ ತಿದ್ದಿದ ಕೋಷ್ಟಕ:

| | ಕಾಫಿ | ಟೀ | ಬಾದಾಮಿ ಹಾಲು | ಒಟ್ಟು |
|---|---|---|---|---|
| ಬೆಳಿಗ್ಗೆ | 51 | 17 | 12 | 80 |
| ಸಂಜೆ | 49 | 43 | 28 | 120 |
| ಒಟ್ಟು | 100 | 60 | 40 | 200 |

ನಿರೀಕ್ಷಿತ ಎಣಿಕೆಗಳನ್ನು ನೀವು ಸರಿಯಾಗಿಯೇ ಮಾಡಿದ್ದೀರಿ, ಏಕೆಂದರೆ ಅವಕ್ಕೆ ಬೇಕಾಗುವುದು ಒಟ್ಟುಗಳು ಮಾತ್ರ. 200 ಜನರಲ್ಲಿ ಬೆಳಿಗ್ಗೆ ಬಂದವರು 80, ಅಂದರೆ 100ಕ್ಕೆ 40. ಹೊತ್ತಿಗೂ ಕುಡಿಯುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಟೀ ಕುಡಿದ 60 ಜನರಲ್ಲೂ 100ಕ್ಕೆ 40ರಂತೆ 24 ಜನ ಬೆಳಗಿನವರಾಗಿರಬೇಕು. ಹೀಗೆ ಬೆಳಗಿನ ಸಾಲಿಗೆ 40, 24, 16 ಬರುತ್ತದೆ, ಸಂಜೆಗೆ 60, 36, 24. ಯಾವುದೂ 5ಕ್ಕಿಂತ ಕಡಿಮೆ ಇಲ್ಲ. ಹಾಗಾಗಿ ಈ ಪರೀಕ್ಷೆಯನ್ನು ಇಲ್ಲಿ ಬಳಸಬಹುದು.

ಆದರೆ ಮುಂದಿನ ಹೆಜ್ಜೆಯಲ್ಲಿ ನೀವು ಸ್ವಲ್ಪ ನಿಲ್ಲಬೇಕಿತ್ತು. ಎಣಿಸಿದ್ದರಿಂದ ನಿರೀಕ್ಷಿತವನ್ನು ಕಳೆದಾಗ ಪ್ರತಿ ಸಾಲಿನ ವ್ಯತ್ಯಾಸಗಳು ಕೂಡಿ ಸೊನ್ನೆ ಆಗಲೇಬೇಕು. ಸರಿಯಾದ ಅಂಕಿಯಲ್ಲಿ ಬೆಳಗಿನ ವ್ಯತ್ಯಾಸ 11, −7, −4. ಕೂಡಿದರೆ ಸೊನ್ನೆ. ನಿಮ್ಮದರಲ್ಲಿ 11, −13, −4. ಕೂಡಿದರೆ −6. ಅದೇ ಆರು ಮತ್ತೆ ಬಂದು ಬಾಗಿಲು ತಟ್ಟಿದೆ, ನೀವು ವರ್ಗ ಮಾಡಿಬಿಟ್ಟಿರಿ. ವರ್ಗ ಮಾಡಿದ ಮೇಲೆ ಚಿಹ್ನೆ ಹೋಗುತ್ತದೆ, ತಪ್ಪು ಕಾಣುವುದಿಲ್ಲ. ಆ ವರ್ಗವನ್ನು ನಿರೀಕ್ಷಿತದಿಂದ ಭಾಗಿಸಿದಾಗ ಆ ಒಂದು ಮನೆಯಿಂದಲೇ 7.04 ಬಂದು ಕೂತಿದೆ, ನಿಮ್ಮ 15.11ರಲ್ಲಿ ಹತ್ತಿರ ಹತ್ತಿರ ಅರ್ಧ.

ಎರಡನೇ ತಪ್ಪು ಈ ವಾಕ್ಯ: "ಕೋಷ್ಟಕದಲ್ಲಿ 3 ಅಡ್ಡಸಾಲು, 4 ಕಂಬಸಾಲು ಇರುವುದರಿಂದ (3 − 1)(4 − 1) = 6." ಫೋಟೊದಲ್ಲಿ ಕಣ್ಣಿಗೆ ಕಾಣುವುದು ಹಾಗೆಯೇ, ನಿಜ. ಆದರೆ "ಒಟ್ಟು" ಅನ್ನುವುದು ಒಂದು ಹೊತ್ತಲ್ಲ, ಒಂದು ಪಾನೀಯವೂ ಅಲ್ಲ. ಹೊತ್ತು ಎರಡು, ಪಾನೀಯ ಮೂರು. (2 − 1)(3 − 1) = 2.

ಸೂತ್ರ ತಿದ್ದಿ ಮುಂದೆ ಹೋಗಬೇಡಿ, ಹೀಗೆ ಮಾಡಿ ನೋಡಿ. ಒಂದು ಹಾಳೆಯಲ್ಲಿ ಒಟ್ಟುಗಳನ್ನು ಮಾತ್ರ ಉಳಿಸಿ ಒಳಗಿನ ಆರು ಮನೆಗಳನ್ನು ಅಳಿಸಿ. ಬೆಳಗಿನ ಕಾಫಿಗೆ 51 ಬರೆಯಿರಿ. ಬೆಳಗಿನ ಟೀಗೆ 17 ಬರೆಯಿರಿ. ಈಗ ಬೆಳಗಿನ ಬಾದಾಮಿ ಹಾಲಿಗೆ ನಿಮ್ಮಿಷ್ಟದ ಅಂಕಿ ಬರೆಯಲು ಆಗುತ್ತಾ? ಇಲ್ಲ, 80 ಆಗಬೇಕು, ಹಾಗಾಗಿ 12 ಮಾತ್ರ. ಸಂಜೆಯ ಮೂರು ಮನೆಗಳೂ ಹಾಗೆಯೇ, 100, 60, 40ರಲ್ಲಿ ಕಳೆದರೆ ತಾವೇ ಬರುತ್ತವೆ. ನಿಮ್ಮ ಇಷ್ಟಕ್ಕೆ ಬಿಟ್ಟ ಮನೆ ಎರಡೇ. ಡಿಗ್ರಿ ಆಫ್ ಫ್ರೀಡಂ ಅಂದರೆ ಅದೇ 2. ಫೋಟೊದಲ್ಲಿ ಮಸುಕಾದ 17 ಅನ್ನು ನಾನು ಕಂಡುಹಿಡಿದಿದ್ದೂ ಇದೇ ದಾರಿಯಲ್ಲಿ ಅಲ್ವಾ? ಒಟ್ಟುಗಳು ಒಳಗಿನ ಮನೆಗಳನ್ನು ಕಟ್ಟಿಹಾಕಿವೆ, ಅದಕ್ಕೇ ಕಳೆದುಹೋದ ಅಂಕಿ ಸಿಕ್ಕಿತು.

ಈ ಜಾಗದಲ್ಲಿ ದೊಡ್ಡವರೂ ಎಡವಿದ್ದಾರೆ. ಕೈ-ಸ್ಕ್ವೇರ್ ಪರೀಕ್ಷೆಯನ್ನು 1900ರಲ್ಲಿ ಕೊಟ್ಟ ಕಾರ್ಲ್ ಪಿಯರ್ಸನ್ ಇಂಥ ಕೋಷ್ಟಕಕ್ಕೆ ಮನೆಗಳ ಸಂಖ್ಯೆಯಲ್ಲಿ ಒಂದನ್ನು ಮಾತ್ರ ಕಳೆಯುತ್ತಿದ್ದರು. ಆ ಲೆಕ್ಕದಲ್ಲಿ ನಿಮ್ಮದು 5 ಆಗುತ್ತಿತ್ತು. ಒಟ್ಟುಗಳನ್ನೂ ಇದೇ ಅಂಕಿಗಳಿಂದ ತೆಗೆದುಕೊಂಡಿದ್ದೇವೆ, ಆದ್ದರಿಂದ ಅಡ್ಡಸಾಲಿನಲ್ಲಿ ಒಂದು, ಕಂಬಸಾಲಿನಲ್ಲಿ ಒಂದು ಕಳೆದು ಗುಣಿಸಬೇಕು ಅಂತ ಆರ್. ಎ. ಫಿಶರ್ 1922ರಲ್ಲಿ ತೋರಿಸಿದರು. ಪಿಯರ್ಸನ್ ಅದನ್ನು ಒಪ್ಪಲಿಲ್ಲ. ಫಿಶರ್ ಹೇಳಿದ್ದೇ ನಿಂತಿತು.

ಇದು ಸಣ್ಣ ವಿಷಯ ಅನ್ನಿಸಿದರೆ ಅಂಕಿ ನೋಡಿ. ಆರು ಮನೆಗಳಿಂದ 3.025, 2.042, 1, 2.017, 1.361, 0.667 ಬರುತ್ತದೆ. ಕೂಡಿದರೆ 10.11. 100ಕ್ಕೆ 5ರ ಮಟ್ಟದಲ್ಲಿ, ಡಿಗ್ರಿ 2 ಆದರೆ ದಾಟಬೇಕಾದ ಗೆರೆ 5.991. 10.11 ಅದನ್ನು ದಾಟುತ್ತದೆ. ನಲ್ ಹೈಪಾಥಿಸಿಸ್, ಅಂದರೆ ಸಂಬಂಧ ಇಲ್ಲ ಅನ್ನುವ ಊಹೆ, ಕೈಬಿಡಬೇಕು. ಈಗ ನೀವು 17 ಅನ್ನು ಮಾತ್ರ ತಿದ್ದಿ ಡಿಗ್ರಿ 6 ಅನ್ನು ಹಾಗೇ ಬಿಟ್ಟಿದ್ದರೆ? ಗೆರೆ 12.592, 10.11 ಅದನ್ನು ದಾಟುವುದಿಲ್ಲ. ತೀರ್ಮಾನ ತಿರುಗುಮುರುಗು! ಪಿಯರ್ಸನ್‌ರ 5 ಇಟ್ಟರೂ ಗೆರೆ 11.070, ಆಗಲೂ ದಾಟುವುದಿಲ್ಲ. ನಿಮ್ಮ ಲೇಖನದಲ್ಲಿ ಅಂಕಿಯ ತಪ್ಪು ಕೈ-ಸ್ಕ್ವೇರನ್ನು ಉಬ್ಬಿಸಿತು, ಡಿಗ್ರಿಯ ತಪ್ಪು ಗೆರೆಯನ್ನು ಮೇಲಕ್ಕೆ ಎತ್ತಿತು, 15.11 ಹೇಗೋ 12.592 ದಾಟಿತು. ಆ "ಹೇಗೋ" ನನಗೆ ಬೇಡ.

ಇನ್ನು "ಸಾಬೀತಾಯಿತು" ಅನ್ನುವ ಪದ ತೆಗೆಯಿರಿ. ಬದಲಿಗೆ ಹೀಗೆ ಬರೆಯಬಹುದು: "ಸಂಬಂಧವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಬರೀ ಆಕಸ್ಮಿಕವಾಗಿ ಬರುವುದು ಸಾವಿರಕ್ಕೆ ಆರು ಸಲ. ಹಾಗಾಗಿ ಸಂಬಂಧ ಇಲ್ಲ ಅನ್ನುವ ಊಹೆಯನ್ನು ಕೈಬಿಡುತ್ತೇವೆ. ಬೆಳಿಗ್ಗೆ ಕಾಫಿ ನಿರೀಕ್ಷೆಗಿಂತ ಜಾಸ್ತಿ, ಟೀ ಕಡಿಮೆ." ಅಷ್ಟು ಸಾಕು. ಬೆಳಗಿನ ಹೊತ್ತೇ ಕಾಫಿ ಕುಡಿಸುತ್ತದೆ ಅಂತ ಈ ಪರೀಕ್ಷೆ ಹೇಳುವುದಿಲ್ಲ. ಬೆಳಿಗ್ಗೆ ಬರುವ ಜನರೇ ಬೇರೆ ಇರಬಹುದು.

ಕಳಿಸುವ ಮುಂಚೆ ತಂಗಿಯನ್ನು ಎರಡು ಮಾತು ಕೇಳಿ. ಆ ಅಂಕಿ 17 ತಾನೇ? ಮತ್ತೆ ಬೆಳಿಗ್ಗೆ ಎಣಿಸಿದ ವ್ಯಕ್ತಿಯನ್ನೇ ಸಂಜೆಯೂ ಎಣಿಸಿದ್ದಾಳಾ? ದರ್ಶಿನಿಗೆ ದಿನಕ್ಕೆ ಎರಡು ಸಲ ಬರುವವರು ಇದ್ದೇ ಇರುತ್ತಾರೆ. ಒಬ್ಬರೇ ಎರಡೂ ಸಾಲಿನಲ್ಲಿ ಕೂತಿದ್ದರೆ ಈ ಪರೀಕ್ಷೆ ನಿಲ್ಲುವುದಿಲ್ಲ, ಏಕೆಂದರೆ ಇದು 200 ಬೇರೆ ಬೇರೆ ಜನ ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. ಹಾಗೇನಾದರೂ ಆಗಿದ್ದರೆ ಮತ್ತೆ ಎಣಿಸಬೇಕು. ಆಗಿಲ್ಲ ಅಂದರೆ ತಿದ್ದಿ ಕಳಿಸಿ, ಹಾಳೆ ಬಿಡಿಸಿ ಬೆಳಕಿನಲ್ಲಿ ಹೊಸ ಫೋಟೊ ತೆಗೆದು ಜೊತೆಗಿಡಿ. ಎಣಿಸಿದವಳು ಅವಳು, ಲೇಖನದಲ್ಲಿ ಅವಳ ಹೆಸರೂ ಇರಲಿ.