ಬಿಪಿ, ಶುಗರ್, ಕೊಲೆಸ್ಟ್ರಾಲ್‌ಗೆ ಮೂವರು ಡಾಕ್ಟರ್ ಬೇಕಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿರುವ ನಮ್ಮ ಕಾಕಾಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲಾ ಸ್ವಲ್ಪ ಸ್ವಲ್ಪ ಜಾಸ್ತಿ, ಹೊಟ್ಟೆನೂ ಬಂದಿದೆ. ಬೇರೆ ಬೇರೆ ಡಾಕ್ಟರ್ ಹತ್ರ ಹೋಗಬೇಕಾ?

ಬೇಡ, ಒಬ್ಬರೇ ಫಿಸಿಷಿಯನ್‌ಗೆ ಎಲ್ಲಾ ರಿಪೋರ್ಟ್ ಒಟ್ಟಿಗೆ ತೋರಿಸಿ. ಇವಕ್ಕೆ ಬೇರು ಹೆಚ್ಚಾಗಿ ಒಂದೇ. ಹೊಟ್ಟೆಯೊಳಗೆ, ಲಿವರ್ ಸುತ್ತ ಕೊಬ್ಬು ತುಂಬಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಶುಗರ್ ಏರುತ್ತದೆ, ಲಿವರ್ ರಕ್ತಕ್ಕೆ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬನ್ನು ಜಾಸ್ತಿ ಬಿಡುತ್ತದೆ, ಬಿಪಿನೂ ಮೇಲಕ್ಕೆ ಹೋಗುತ್ತದೆ. ಇದಕ್ಕೇ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ.

ಗದಗದಲ್ಲಿರುವ ನಮ್ಮ ಅಣ್ಣನದನ್ನೇ ನೋಡಿ. ಸೊಂಟ 98 ಸೆಂ.ಮೀ., ಬಿಪಿ 136/88, ಖಾಲಿ ಹೊಟ್ಟೆ ಶುಗರ್ 108, ಟ್ರೈಗ್ಲಿಸರೈಡ್ 210. ಒಂದೊಂದನ್ನೇ ನೋಡಿದವರು "ಬಾರ್ಡರ್ ಅಷ್ಟೇ, ಚಿಂತಿ ಬ್ಯಾಡ" ಅಂದಿದ್ದರು. ಆದರೆ ನಮ್ಮಲ್ಲಿ ಗಂಡಸರಿಗೆ ಸೊಂಟ 90, ಹೆಂಗಸರಿಗೆ 80 ದಾಟಿದರೇ ಜಾಸ್ತಿ. ಬಿಪಿಗೆ 130/85, ಶುಗರ್‌ಗೆ 100, ಟ್ರೈಗ್ಲಿಸರೈಡ್‌ಗೆ 150 ಗೆರೆ. ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ ಇರುವುದೂ ಸೇರಿ ಐದರಲ್ಲಿ ಮೂರು ಸಿಕ್ಕರೆ ಸಾಕು, ಅಣ್ಣನಿಗೆ ನಾಲ್ಕಿತ್ತು! ಟೇಪನ್ನು ಪ್ಯಾಂಟಿನ ಬೆಲ್ಟ್ ಜಾಗದಲ್ಲಿ ಹಿಡಿಯಬೇಡಿ, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು ಅಳೆಯಿರಿ.

ಅವನು ದಿನಾ ಅರ್ಧ ಗಂಟೆ ಬಿರುಸಾಗಿ ನಡೆದ, ಸಂಜೆಯ ಮಿರ್ಚಿ ಭಜಿ, ಸಕ್ಕರೆ ಚಹಾ ಬಿಟ್ಟ, ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ನಿಲ್ಲಿಸಿ ಕಾಳುಪಲ್ಯೆ ಜಾಸ್ತಿ ಮಾಡಿದ. ಆರು ತಿಂಗಳಲ್ಲಿ 84 ಕೆ.ಜಿ. ಇದ್ದವನು 78ಕ್ಕೆ ಬಂದ, ನಾಲ್ಕೂ ಅಂಕಿ ಒಟ್ಟಿಗೆ ಇಳಿದವು.

ಮಾತ್ರೆ ಬೇಕಾದರೂ ಒಬ್ಬರೇ ನೋಡುವುದು ಒಳ್ಳೆಯದು, ಯಾಕಂದ್ರೆ ಕೆಲವು ಬಿಪಿ ಮಾತ್ರೆ ಶುಗರ್ ಸ್ವಲ್ಪ ಏರಿಸುತ್ತವೆ. ಕಾಕಾ ಈಗಾಗಲೇ ಮಾತ್ರೆ ತಗೊಳ್ತಿದ್ದರೆ ಮಾತ್ರ ಕೇಳದೆ ನಿಲ್ಲಿಸಬೇಡಿ.